ಗಣೇಶನ ಹಬ್ಬದ ಫೋಟೋದಲ್ಲಿ ಸೀನು ಚಿಕ್ಕಪ್ಪ

ನಾವು ಚಿಕ್ಕವರಿದ್ದಾಗ ಮನೆಮಂದಿಯೆಲ್ಲ ಕೂತು ಫೋಟೋ ತೆಗೆಸಿಕೊಳ್ಳುವುದು ಅಂದರೆ ಹಲ್ಲು ಕೀಳಿಸಿಕೊಳ್ಳುವಷ್ಟೇ ದೊಡ್ಡ ರಗಳೆ. ಬಸವನಗುಡಿಯ ನಮ್ಮ ಮನೆಯಲ್ಲಂತೂ ಅದಕ್ಕೆ ತಾತನ ಮುಹೂರ್ತ ಬೇರೆ ಬೇಕಾಗಿತ್ತು. ಗಣೇಶನ ಹಬ್ಬದ ಬೆಳಿಗ್ಗೆ, ಪೂಜೆ ಮುಗಿದು ಊಟಕ್ಕೆ ಎಲೆ ಹಾಕುವ ಮುಂಚೆ, ಎಂದು ಅವರು ನಿಶ್ಚಯಿಸಿದ್ದರು. ಒಳಗೆ ಕಾಯಿಕಡುಬು ಬೇಯುವ ಘಮ, ಹೊರಗೆ ಹಸಿದ ಹೊಟ್ಟೆಯ ನಾವು. ಇದಕ್ಕಿಂತ ಕೆಟ್ಟ ಹೊತ್ತನ್ನು ಯಾವ ಪಂಚಾಂಗದಲ್ಲೂ ಹುಡುಕಲಾಗುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಒಂದಷ್ಟು ವರ್ಷವಾಗಿತ್ತು. ನನಗೆ ಒಂಬತ್ತೋ ಹತ್ತೋ. ತಾತ ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದರೂ ಮನೆಯಲ್ಲಿ ಇನ್ನೂ ನಿವೃತ್ತರಾಗಿರಲಿಲ್ಲ. ಅವರ ಮಕ್ಕಳು ಮೂವರು: ನನ್ನ ಅಪ್ಪ, ಜಾತಕ ಕೂಡಿಬರದೆ ಮನೆಯಲ್ಲೇ ಉಳಿದ ಕಮಲತ್ತೆ, ಕೊನೆಯವನು ಸೀನು ಚಿಕ್ಕಪ್ಪ. ತಾತ ಯಾರ್ಯಾರದೋ ಕೈಕಾಲು ಹಿಡಿದು ಕೊಡಿಸಿದ್ದ ಗುಮಾಸ್ತೆ ಕೆಲಸ ಬಿಟ್ಟು, ಮೋಟಾರು ರಿಪೇರಿ ಕಲಿಯುತ್ತೇನೆಂದು ಚಿಕ್ಕಪ್ಪ ಪುಣೆಗೆ ಹೋಗಿಬಿಟ್ಟಿದ್ದ. "ಅವ್ನು ನನ್ ಪಾಲಿಗೆ ಸತ್ತ" ಎಂದು ತಾತ ಹೇಳಿದರು. ಅಲ್ಲಿಂದ ಅವನ ಹೆಸರು ಎತ್ತುವ ಹಾಗಿರಲಿಲ್ಲ. ಅಪ್ಪ ಬಾಯಿ ಮುಚ್ಚಿಕೊಂಡರು. ವಿಳಾಸ ಎಲ್ಲರಿಗೂ ಗೊತ್ತಿತ್ತು, ಬರೆಯುವವರು ಯಾರೂ ಇರಲಿಲ್ಲ. ಈಗ ನೆನೆದರೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಜ್ಜಿಯ ಕಣ್ಣಿಗೆ ಪೊರೆ ಬರುತ್ತಿತ್ತು. "ಕಣ್ಣು ಪೂರ್ತಿ ಹೋಗೋದ್ರೊಳ್ಗೆ ನನ್ ಮೂರೂ ಮಕ್ಕಳನ್ನ ಒಟ್ಟಿಗೆ ನೋಡ್ಬೇಕು" ಎಂದು ಅವರು ಬೇರೆ ಯಾರಿಗೂ ಹೇಳಲಿಲ್ಲ, ಅತ್ತೆಗೆ ಹೇಳಿದರು. ಅತ್ತೆ ತಲೆಯಾಡಿಸಿದ್ದನ್ನು ನಾನು ನೋಡಿದೆ.

ಅತ್ತೆಗೆ ಫೋಟೋದ ಕೆಲಸ ಗೊತ್ತಿತ್ತು. ಚಾಮರಾಜಪೇಟೆಯಲ್ಲಿ ಗುರುಲಿಂಗಪ್ಪನವರದೊಂದು ಸ್ಟುಡಿಯೋ. ಪೇಟೆಯಲ್ಲಿ ಜವಳಿ ವ್ಯಾಪಾರ ಮಾಡಿಕೊಂಡಿದ್ದ ಮನೆತನ ಅವರದು. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಅವರು ಕೊಡುತ್ತಿದ್ದ ಗಾಜಿನ ನೆಗೆಟಿವ್‌ಗಳನ್ನು ಅತ್ತೆ ಮನೆಗೆ ತಂದು, ಕಿಟಕಿಯ ಬಳಿ ಇಳಿಜಾರು ಮೇಜಿಗೆ ಒರಗಿಸಿ, ಕೆಳಗಿನ ಕನ್ನಡಿಯಿಂದ ಬೆಳಕು ಬೀಳುವಂತೆ ಮಾಡಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಯಾರ್ಯಾರದೋ ಸಿಡುಬಿನ ಕಲೆ, ಹಣೆಯ ಸುಕ್ಕು ತಿದ್ದುತ್ತಿದ್ದರು. ಸ್ಟುಡಿಯೋಗೆ ಹೆಂಗಸು ಒಬ್ಬಳೇ ಹೋಗಬಾರದೆಂದು ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ನನಗೆ ಫೋಟೋ ತೊಳೆಯುವ ಹೈಪೋ ವಾಸನೆ ಕಂಡರೆ ಆಗುತ್ತಿರಲಿಲ್ಲ. ಅದನ್ನು ಕೇಳುವವರು ಯಾರು?

ಹಬ್ಬದ ದಿನ ಗುರುಲಿಂಗಪ್ಪನವರು ಮೂರುಕಾಲಿನ ಕ್ಯಾಮೆರಾ ಹೊರಿಸಿಕೊಂಡು ಬಂದರು. ಜಗಲಿಯ ಮೆಟ್ಟಿಲ ಮುಂದೆ ಕುರ್ಚಿಯಲ್ಲಿ ತಾತ, ಅಜ್ಜಿ. ತಾತ, ಅಪ್ಪ ಇಬ್ಬರೂ ಪೂಜೆಯಿಂದ ಎದ್ದ ಹಾಗೇ, ಪಂಚೆಯುಟ್ಟು ಬರಿಮೈಯಲ್ಲಿ. ಹಿಂದೆ ಅಮ್ಮ, ಅಪ್ಪ, ಅತ್ತೆ. ಅಪ್ಪನಿಗೂ ಅತ್ತೆಗೂ ನಡುವೆ, ಅಜ್ಜಿಯ ತಲೆಯ ಹಿಂದೆ, ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಅಲ್ಲಿ ಜಾಗವಿದೆಯಲ್ಲ ಎಂದು ನಾನು ಹೋಗಿ ನಿಂತೆ.

"ಅಲ್ಲಿ ಬೇಡ, ಮುಂದೆ ಕೂತ್ಕೋ" ಎಂದು ಅತ್ತೆ ರಟ್ಟೆ ಹಿಡಿದು ಎಳೆದರು.

"ಅಮ್ಮಾ, ಸ್ವಲ್ಪ ಒತ್ತಿ ನಿಂತ್ಕೊಳಿ, ನಡುವೆ ಬಾಯಿ ಬಿಟ್ಕೊಂಡಂಗೆ ಕಾಣುತ್ತೆ" ಎಂದರು ಕರಿಬಟ್ಟೆಯೊಳಗಿಂದ ಗುರುಲಿಂಗಪ್ಪನವರು.

"ನಂಗೆ ಸೆಕೆ. ಹೀಗೇ ಇರ್ಲಿ" ಎಂದರು ಅತ್ತೆ. ಮೋಡ ಮುಚ್ಚಿದ್ದ ಭಾದ್ರಪದದ ಬೆಳಿಗ್ಗೆಯಲ್ಲಿ ಎಂಥ ಸೆಕೆಯೋ! ಕೊನೆಗೆ ಬಿಸಿಲು ಬರಲಿ ಎಂದು ಇನ್ನೊಂದಿಷ್ಟು ಹೊತ್ತು ಕಾಯಿಸಿದರು. ಬಿಸಿಲು ಬಂದು ಫೋಟೋ ಆಗುವಷ್ಟರಲ್ಲಿ ಕಡುಬು ಆರಿಹೋಗಿತ್ತು.

ಮುಂದಿನ ವಾರ ಅತ್ತೆಯ ಸೆಕೆಯ ಗುಟ್ಟು ತಿಳಿಯಿತು. ಚಿಕ್ಕಪ್ಪ ಮನೆಯಲ್ಲಿದ್ದಾಗ ಒಂದು ಯುಗಾದಿಯ ಸಂಜೆ ಇದೇ ಮೆಟ್ಟಿಲ ಮೇಲೆ, ಪಂಚೆಯುಟ್ಟು ಬರಿಮೈಯಲ್ಲಿ ನಿಂತ ಅವನೊಬ್ಬನದೇ ತೆಗೆದಿದ್ದ ಫೋಟೋದ ಗಾಜಿನ ಪ್ಲೇಟು ಗುರುಲಿಂಗಪ್ಪನವರ ಹಳೆಯ ಪೆಟ್ಟಿಗೆಯಲ್ಲಿತ್ತು. ಅದರಲ್ಲಿದ್ದ ಚಿಕ್ಕಪ್ಪನನ್ನು ಈ ಫೋಟೋಗೆ ತರುವುದು ಅತ್ತೆಯ ಯೋಜನೆ. "ಮನೇಲಿ ಬಾಯಿ ಬಿಟ್ಟೆಯೋ, ನೋಡು" ಎಂದು ನನ್ನನ್ನು ಮೊದಲೇ ಹೆದರಿಸಿದರು.

ಕೆಂಪು ದೀಪದ ಕತ್ತಲೆ ಕೋಣೆಯಲ್ಲಿ ಮೊದಲು ಹಬ್ಬದ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿದರು. ಅಪ್ಪನ ತಲೆಯನ್ನು ಅತ್ತೆ ಅಡಿಪಟ್ಟಿಯಿಂದ ಅಳೆದುಕೊಂಡರು. ಆಮೇಲೆ ಯುಗಾದಿಯ ಪ್ಲೇಟನ್ನು, ಚಿತ್ರ ದೊಡ್ಡದು ಮಾಡುವ ಎನ್ಲಾರ್ಜರಿಗೆ ಹಾಕಿ, ಚಿಕ್ಕಪ್ಪನ ತಲೆ ಅಪ್ಪನದಕ್ಕೆ ಸಮನಾಗುವವರೆಗೂ ಅದನ್ನು ಏರಿಸಿ ಇಳಿಸಿ ನೋಡಿದರು. ಎಲ್ಲ ಸರಿ ಅನ್ನುವಾಗ ಅತ್ತೆ ತಡೆದರು.

"ಮೂಗು ನೋಡಿ, ಗುರುಲಿಂಗಪ್ಪನೋರೆ."

ನಮ್ಮ ಮನೆಯ ಮುಖ ಉತ್ತರಕ್ಕೆ. ಹಬ್ಬದ ಫೋಟೋ ಬೆಳಗಿನದು, ಎಲ್ಲರ ಮೂಗಿನ ನೆರಳೂ ಒಂದು ಕೆನ್ನೆಗೆ ಬಿದ್ದಿತ್ತು. ಯುಗಾದಿಯದು ಸಂಜೆಯದು, ಚಿಕ್ಕಪ್ಪನ ಮೂಗಿನ ನೆರಳು ಇನ್ನೊಂದು ಕೆನ್ನೆಗೆ. ಪಕ್ಕಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಸೂರ್ಯ.

"ಅದಕ್ಕೇನು, ಪ್ಲೇಟ್ ಮಗುಚಿ ಹಾಕಿದ್ರಾಯ್ತು" ಎಂದರು ಗುರುಲಿಂಗಪ್ಪನವರು. ಮದ್ದು ಬಳಿದ ಬದಿ ಮೇಲೆ ಬರುವ ಹಾಗೆ ಗಾಜನ್ನು ತಿರುಗಿಸಿ ಇಟ್ಟು, ಮತ್ತೆ ಲೆನ್ಸು ತಿರುಗಿಸಿ ಸ್ಪಷ್ಟ ಮಾಡಿಕೊಂಡರು. ಎಡ ಬಲವಾಯಿತು, ಬಲ ಎಡವಾಯಿತು, ನೆರಳು ಸರಿಯಾದ ಕೆನ್ನೆಗೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೀಗಿದ್ದೇ ಬೀಗಿದ್ದು.

ಉಳಿದದ್ದು ಅತ್ತೆಯ ಕೈಕೆಲಸ. ಬಂದ ಪ್ರಿಂಟಿನಿಂದ ಚಿಕ್ಕಪ್ಪನನ್ನು ಸೊಂಟದವರೆಗೆ ಕತ್ತರಿಸಿ, ಕೆಳಗಡೆ ಅಜ್ಜಿಯ ತಲೆ ಮತ್ತು ಭುಜದ ಗೆರೆಗೆ ಸರಿಯಾಗಿ ಬಾಗಿಸಿ ತೆಗೆದರು, ಅಜ್ಜಿಯ ಹಿಂದೆ ನಿಂತ ಹಾಗೆ ಕಾಣಬೇಕಲ್ಲ. ಕಾಗದದ ಅಂಚು ದಪ್ಪಗಿದ್ದರೆ ಕ್ಯಾಮೆರಾಕ್ಕೆ ಅದರದೇ ನೆರಳು ಸಿಕ್ಕುತ್ತದೆ ಎಂದು, ಹಿಂಬದಿಯಿಂದ ನಯವಾದ ಉಪ್ಪುಕಾಗದದಲ್ಲಿ ಅಂಚನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಜ್ಜಿದರು. ಗಂಜಿಯ ಅಂಟಿನಲ್ಲಿ ಖಾಲಿ ಜಾಗಕ್ಕೆ ಕೂರಿಸಿ, ಕೂಡಿದ ಕಡೆಯೆಲ್ಲ ಸಣ್ಣ ಕುಂಚದಿಂದ ಬೂದುಬಣ್ಣ ತೀಡಿ, ಹಿಂದಿನ ಗೋಡೆಯ ಮೇಲೆ ಒಂದು ನೆರಳನ್ನೂ ಬರೆದರು. ಅದೆಲ್ಲ ಒಣಗಿದ ಮೇಲೆ ಆ ಅಂಟಿಸಿದ ಫೋಟೋವನ್ನೇ ಗೋಡೆಗೆ ನೆಟ್ಟಗೆ ಹಾಕಿ, ಎರಡೂ ಕಡೆಯಿಂದ ದೀಪವಿಟ್ಟು ಮತ್ತೊಂದು ಫೋಟೋ ತೆಗೆದರು. ಆ ಹೊಸ ಪ್ಲೇಟಿನಿಂದ ಬಂದ ಪ್ರಿಂಟಿನಲ್ಲಿ ಕತ್ತರಿಯ ಗುರುತೂ ಇಲ್ಲ, ಅಂಟಿನ ಗುರುತೂ ಇಲ್ಲ. ಚಿಕ್ಕಪ್ಪ ಅಪ್ಪನ ಪಕ್ಕದಲ್ಲಿ ಹಬ್ಬಕ್ಕೆ ಬಂದವನ ಹಾಗೆ ನಿಂತಿದ್ದ.

ಚೌಕಟ್ಟು ಹಾಕಿಸಿದ ಫೋಟೋವನ್ನು ಅತ್ತೆ ಯಾರಿಗೂ ಏನೂ ಹೇಳದೆ ನಡುಮನೆಯ ಗೋಡೆಗೆ ತೂಗುಹಾಕಿದರು. ಅಮ್ಮ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪ ನೋಡಿ, ಏನೂ ಕಾಣದವರ ಹಾಗೆ ಪೇಪರು ಬಿಡಿಸಿದರು. ತಾತ ಸಂಧ್ಯಾವಂದನೆ ಮುಗಿಸಿ ಬಂದು ಕನ್ನಡಕ ಏರಿಸಿ ನಿಂತುಬಿಟ್ಟರು. ಫೋಟೋ ನೆಲಕ್ಕೆ ಬಿತ್ತು, ಅತ್ತೆ ಮನೆಯಿಂದ ಹೊರಗೆ ಬಿದ್ದರು ಅಂತಲೇ ನನ್ನ ಲೆಕ್ಕ.

"ಕಮಲಾ! ಏನೇ ಇದು? ಅಪಸವ್ಯ!"

ನಾವು ಮತ್ತೆ ನೋಡಿದೆವು. ತಾತನ ಜನಿವಾರ ಎಡಭುಜದ ಮೇಲೆ, ಅಪ್ಪನದೂ ಎಡಭುಜದ ಮೇಲೆ. ಮಗುಚಿದ ಪ್ಲೇಟಿನ ಚಿಕ್ಕಪ್ಪನದು ಮಾತ್ರ ಬಲಭುಜದಿಂದ ಎಡಕ್ಕೆ ಇಳಿದಿತ್ತು. ಹಾಗೆ ಹಾಕಿಕೊಳ್ಳುವುದು ತಿಥಿಯಲ್ಲಿ, ಸತ್ತ ಹಿರಿಯರಿಗೆ ತರ್ಪಣ ಬಿಡುವಾಗ. ಮೂಗಿನ ನೆರಳು ನೋಡಿದ ಅತ್ತೆಯ ಮೈಮೇಲೆ ಜನಿವಾರವಿರಲಿಲ್ಲ, ಕರಡಿಗೆ ಕಟ್ಟಿದ ಗುರುಲಿಂಗಪ್ಪನವರ ಮೈಮೇಲೂ ಇರಲಿಲ್ಲ. ಇಬ್ಬರಿಗೂ ಅದು ಹೊಳೆಯಲೇ ಇಲ್ಲ.

"ಗಣೇಶನ ಹಬ್ಬದ ದಿನ, ನಾನು ಕಲ್ಲುಗುಂಡಿನ ಹಾಗೆ ಮುಂದೆ ಕೂತಿರುವಾಗ, ಹಿಂದೆ ನಿಂತ್ಕೊಂಡು ನಂಗೇ ತಿಥಿ ಮಾಡ್ತಿದಾನೇನೇ ಅವ್ನು?" ತಾತನ ಧ್ವನಿ ಬೀದಿಗೆ ಕೇಳಿಸುತ್ತಿತ್ತು.

ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. "ಅವ್ನೇ ಸತ್ತ ಅಂತ ನೀವೇ ಅಂದ್ರಲ್ಲ. ಸತ್ತೋನು ತಿಥಿ ಮಾಡ್ತಾನಾ?"

ತಾತನಿಗೆ ಹೀಗೆ ಎದುರು ಮಾತಾಡಿದವರನ್ನು ನಾನು ಅದೇ ಮೊದಲು ನೋಡಿದ್ದು. ತಾತ ಫೋಟೋ ನೋಡಿದರು, ಅಜ್ಜಿಯ ಮಂಜುಗಣ್ಣು ನೋಡಿದರು, ಕೆಮ್ಮಿದರು.

"ಜನಿವಾರ ಸರಿಮಾಡು. ಇಂಥ ಅಪಶಕುನ ನಮ್ಮನೆ ಗೋಡೆ ಮೇಲೆ ಬೇಡ."

ಜನಿವಾರ ಸರಿಮಾಡು ಎಂದರು, ಅವನನ್ನು ತೆಗೆ ಎನ್ನಲಿಲ್ಲ! ಅತ್ತೆ ಅಂದೇ ಸ್ಟುಡಿಯೋಗೆ ಓಡಿದರು, ಹಿಂದೆ ನಾನು. ಅಂಟಿಸಿದ ಮೂಲ ಪ್ರತಿ ಅಲ್ಲೇ ಇತ್ತು. ತಪ್ಪು ಎಳೆಯ ಮೇಲೆ ಮೈಬಣ್ಣದ ಬೂದು ತೀಡಿ ಮುಚ್ಚಿ, ಎಡಭುಜದಿಂದ ಹೊಸ ಜನಿವಾರವನ್ನು ಬಿಳಿಬಣ್ಣದಲ್ಲಿ ಒಂದೇ ಉಸಿರಿಗೆ ಎಳೆದರು. ಮತ್ತೆ ದೀಪ, ಮತ್ತೆ ಪ್ಲೇಟು, ಮತ್ತೆ ಹೈಪೋ ವಾಸನೆ. ಹೊಸ ಪ್ರಿಂಟು ಗೋಡೆಗೆ ಬಂತು. ಅಜ್ಜಿ ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, "ಸೀನು ಇಳ್ದು ಹೋಗಿದಾನೆ" ಎಂದರು.

ಇನ್ನೇನು ತಾತ ಕರೆಸಿಯೇಬಿಡುತ್ತಾರೆ ಎಂದುಕೊಂಡೆವು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಮನೆಗೆ ಬಂದವರು "ಓ, ಸೀನು ಬಂದಿದ್ನಾ?" ಎಂದರೆ ತಾತ "ಹೂಂ, ಹಬ್ಬಕ್ಕೆ" ಎನ್ನತೊಡಗಿದರು. ವರ್ಷ ಕಳೆಯುವುದರೊಳಗೆ ಅಪ್ಪನಿಗೂ ಅವನು ಬಂದಿದ್ದ ಹಾಗೇ ನೆನಪು. ಎಷ್ಟು ಕಡುಬು ತಿಂದ ಅಂತಲೂ ಹೇಳುತ್ತಿದ್ದರು! ಇಲ್ಲ ಅಪ್ಪಾ, ಬಂದಿರಲಿಲ್ಲ ಎಂದರೆ ನನ್ನ ಮೇಲೇ ರೇಗುತ್ತಿದ್ದರು. ಗೋಡೆಯ ಮೇಲೆ ಇದ್ದವನನ್ನು ಪುಣೆಯಿಂದ ಕರೆಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಚಿಕ್ಕಪ್ಪ ಬಂದದ್ದು ಅಜ್ಜಿ ತೀರಿಕೊಂಡಾಗ. ದಪ್ಪಗಾಗಿದ್ದ, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು. ಕರ್ಮವೆಲ್ಲ ಮುಗಿದ ಮೇಲೆ ಆ ಫೋಟೋ ಮುಂದೆ ನಿಂತು ಬಹಳ ಹೊತ್ತು ನೋಡಿದ. ತಾತ ಅಲ್ಲೇ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು.

"ಇದ್ಯಾವಾಗ ತೆಗ್ದಿದ್ದೇ, ಅಕ್ಕ?"

ಅತ್ತೆ ಎಲ್ಲ ಹೇಳಿದರು. ಎನ್ಲಾರ್ಜರು, ಉಪ್ಪುಕಾಗದ, ಗಂಜಿ, ಎಲ್ಲ.

"ಇಷ್ಟೆಲ್ಲಾ ಯಾಕ್ ಮಾಡ್ದೆ? ಒಂದ್ ಮಾತು ಹೇಳಿ ಕಳ್ಸಿದ್ರೆ ಬಂದು ನಿಂತ್ಕೊತಿದ್ನಲ್ಲೇ."

"ನೀನು ಬರಲ್ಲ ಅನ್ಕೊಂಡೆ ಕಣೋ."

"ನೀವು ಕರೆಯಲ್ಲ ಅನ್ಕೊಂಡೆ ನಾನು."

ತಾತ ಕಣ್ಣು ತೆರೆಯಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಎಳೆದು ಮುಖ ಮುಚ್ಚಿಕೊಂಡರು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು, ಇವರೆಲ್ಲರ ಮೇಲೂ.

ಆ ಫೋಟೋ ಈಗ ನನ್ನ ಹತ್ತಿರ ಇದೆ. ಅದರಲ್ಲಿದ್ದ ದೊಡ್ಡವರು ಯಾರೂ ಇಲ್ಲ. ಮೊಮ್ಮಕ್ಕಳು ಬಂದು, ಆಗಿನ ಕಾಲದಲ್ಲಿ ಹಬ್ಬಕ್ಕೆ ಎಲ್ಲರೂ ಹೇಗೆ ಸೇರುತ್ತಿದ್ದರು ನೋಡಿ ಎನ್ನುತ್ತಾರೆ. ಎಲ್ಲರೂ ಇರುವ ಫೋಟೋ ನಮ್ಮ ಮನೆಯಲ್ಲಿ ಅದೊಂದೇ. ಎಲ್ಲರೂ ಕೂತು ಉಂಡ ಹಬ್ಬ ಒಂದೂ ನನಗೆ ನೆನಪಿಲ್ಲ.