ಅಣ್ಣನ ಮಗಳು ಮನೆಯಲ್ಲಿದ್ದ ಎರಡು ವರ್ಷ

ಆಗ ನನ್ನ ಮೊಮ್ಮಕ್ಕಳಾದ ನೀವಿನ್ನೂ ಹುಟ್ಟಿರಲಿಲ್ಲ. ಧಾರವಾಡದ ನನ್ನ ಅಣ್ಣನ ಮಗಳಿಗೆ ಲಂಡನ್ನಿನ ಕಾಲೇಜೊಂದರಲ್ಲಿ ಆಹಾರ ವಿಜ್ಞಾನ ಓದಲು ಸೀಟು ಸಿಕ್ಕಿತ್ತು. ವೀಸಾ ಮಾತ್ರ ಬಾಕಿ. ಅದಕ್ಕೊಂದು ಸ್ಟೇಟ್‌ಮೆಂಟ್ ಬರೆಯಬೇಕಂತೆ: ಈ ಓದು ಯಾಕೆ ಬೇಕು, ಖರ್ಚು ಯಾರದು, ಓದು ಮುಗಿದ ಮೇಲೆ ಏನು ಮಾಡುತ್ತಿ. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಏಕಿದ್ದೆ ಎಂಬುದನ್ನೂ ಹೇಳಬೇಕಿತ್ತು.

ಧಾರವಾಡದ ವೀಸಾ ಏಜೆಂಟ್, ಯಾವುದಾದರೂ ಕಂಪನಿಯಲ್ಲಿ ದುಡಿದಂತೆ ಪತ್ರ ಮಾಡಿಸೋಣ ಎಂದಿದ್ದನಂತೆ. ಸುಳ್ಳು ಸಿಕ್ಕಿಬಿದ್ದರೆ ವೀಸಾ ಸಿಗುವುದಿಲ್ಲ, ಮುಂದೆಯೂ ತೊಂದರೆ ಎಂದು ನಿಮ್ಮಪ್ಪ ಅದನ್ನು ಬಿಡಿಸಿದ. ಅವಳೇ ಬರೆದು ಕಳಿಸಿದ್ದನ್ನು ಲಂಡನ್ನಿನ ಕೆಂಟನ್‌ನಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಹರಡಿ ತಿದ್ದುತ್ತ, ಇಂಗ್ಲಿಷಿನಲ್ಲಿದ್ದ ಸಾಲನ್ನು ನನಗೆ ಕನ್ನಡದಲ್ಲಿ ಹೇಳಿದ: "ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ."

ಆ ಅಜ್ಜಿ ನನ್ನ ತಾಯಿ. ಅತ್ತಿಗೆ ಮೊದಲೇ ತೀರಿಕೊಂಡಿದ್ದರು. ಅಣ್ಣನಿಗೆ ನೌಕರಿ.

"ಇಲ್ಲೊಂದು ತೊಡಕೈತಿ, ಅವ್ವ" ಎಂದ ನಿಮ್ಮಪ್ಪ. "ಇಲ್ಲಿಗೆ ಬಂದ ಮ್ಯಾಲ ಆಕಿ ಇರೋದು ನಮ್ಮನ್ಯಾಗ ಅಂತನೂ ಬರದಾಳ. ಅಜ್ಜಿ ಮಗಳು ಲಂಡನ್ನಾಗ ಇದ್ದಾಳಲ್ಲ, ಆಕಿ ಯಾಕ ಹೋಗಲಿಲ್ಲ ಅಂತ ಕೇಳಿದ್ರ?"

ಅದೇ ಎರಡು ವರ್ಷ ನಿಮ್ಮಜ್ಜನಿಗೆ ಇಲ್ಲಿ ಡಯಾಲಿಸಿಸ್. ನಾನು ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದೆ. ಅಮ್ಮ ತೀರಿಕೊಂಡಳು, ಅದೇ ವರ್ಷ ನಿಮ್ಮಜ್ಜನೂ ಹೋದರು. ಇದನ್ನೆಲ್ಲ ಯಾರೋ ಅಧಿಕಾರಿಗೆ ಹೇಳುವುದೆಂದರೆ ಹೇಗೆ?

ನಿಮ್ಮಪ್ಪ ಅವಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ತೊಡಕು ಏನೆಂದು ಹೇಳಿದ.

"ಅತ್ತಿ, ಮಾಮಾರ ವಿಷಯ ಬರೀಲೇನ್ರಿ? ನಿಮಗ ಬ್ಯಾಸರ ಆಗೂದಿಲ್ಲ?" ಎಂದಳು ಅವಳು.

"ಬ್ಯಾಸರ ಆದ್ರ ಚಹಾ ಮಾಡ್ಕೊಂಡು ಕುಡೀತಾಳ" ಎಂದ ನಿಮ್ಮಪ್ಪ. "ನೀ ಮೊದಲ ಅಜ್ಜಿ ದವಾಖಾನಿ ಕಾಗದ, ಡೆತ್ ಸರ್ಟಿಫಿಕೇಟ್ ಹುಡುಕು."

ಬರಿ ಅಂದೆ. ಒಂದೇ ಸಾಲು ಸೇರಿಸಿದರು: ಅತ್ತೆ ಆಗ ಲಂಡನ್ನಿನಲ್ಲಿ ಕಾಯಿಲೆಯ ಗಂಡನನ್ನು ನೋಡಿಕೊಳ್ಳುತ್ತಿದ್ದರು. ಕೆಳಗೆ, ಓದು ಮುಗಿದ ಮೇಲೆ ಅಪ್ಪನ ಬಳಿಗೇ ಮರಳುತ್ತೇನೆ ಎಂದಿತ್ತು. ಮನೆಗೆ ಬೇಕಾದವಳು ಎಂದೂ, ಮನೆ ಬಿಟ್ಟು ಬರಬಲ್ಲವಳು ಎಂದೂ ಒಂದೇ ಕಾಗದದಲ್ಲಿ.

"ಇದರಾಗ ಯಾವುದು ಖರೆ?" ಎಂದೆ.

"ಎರಡೂ ಖರೇನ, ಅವ್ವ."

ವೀಸಾ ಬರುವವರೆಗೂ, ಮಗಳು ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದೆ. ಡಯಾಲಿಸಿಸ್ ಎಂದರೆ ಸಾಕೇ? ಹದಿನೈದು ದಿನವಾದರೂ ಹೋಗಿ ಬರಬಹುದಿತ್ತಲ್ಲ ಎಂದರೆ?

ವೀಸಾ ಬಂತು, ಅವಳೂ ಬಂದಳು. ಊಟಕ್ಕೆ ಕೂತಾಗ ಕೇಳಿದೆ: "ನನ್ನ ವಿಷಯ ಏನರ ಕೇಳಿದ್ರೇನು?"

"ಯಾರೂ ಏನೂ ಕೇಳಲಿಲ್ರಿ, ಅತ್ತಿ."

ಸಮಾಧಾನವಾಗಬೇಕಿತ್ತು. ಆಯಿತೋ ಇಲ್ಲವೋ, ಇವತ್ತಿಗೂ ತಿಳಿಯದು. ಅವಳು ರೊಟ್ಟಿ ಮುರಿಯುತ್ತ ಅಂದಳು: "ಯಾಕ ಬರಲಿಲ್ಲ ಅಂತ ನಾನೂ ಕೇಳಿಲ್ಲಲ್ರಿ."