ಗೋಡೆಯ ಬುಡದ ತೇವ

ಲ್ಯಾಮಿನೇಟ್ ನೆಲ ಹಾಸುವ ಕೆಲಸ ಹಿಡಿದ ಹೊಸದರಲ್ಲಿ ನಾನು ತೇವದ ಬಗ್ಗೆ ತಲೆಕೆಡಿಸಿಕೊಂಡವನೇ ಅಲ್ಲ. ಬಳ್ಳಾರಿಯ ಬಿಸಿಲಿಗೆ ಕಲ್ಲೇ ಕಾದು ಸಿಡಿಯುವಾಗ ಸಿಮೆಂಟಿನೊಳಗೆ ನೀರು ಎಲ್ಲಿ ಉಳಿದೀತು ಎಂದುಕೊಂಡಿದ್ದೆ. ಸತ್ಯನಾರಾಯಣಪೇಟೆಯಲ್ಲಿರುವ ನನ್ನ ಅಕ್ಕ ಮನೆ ರಿಪೇರಿ ಮಾಡಿಸಿ ಹಾಲಿನ ನೆಲಕ್ಕೆ ಹೊಸ ಸಿಮೆಂಟ್ ಗಾರೆ ಹಾಕಿಸಿದಾಗ, ಮೂರು ವಾರ ತುಂಬುವಷ್ಟರಲ್ಲಿ ಅದರ ಮೇಲೆ ಹಲಗೆ ಜೋಡಿಸಿ ಮುಗಿಸಿದೆ. ನನ್ನ ಕೈಯಾರೆ ಅವಳಿಗೆ ಕೊಟ್ಟ ಉಡುಗೊರೆ ಅದು.

ಎರಡು ತಿಂಗಳ ನಂತರ ಊಟಕ್ಕೆ ಹೋದಾಗ ಹಾಲಿನ ತುಂಬ ಜಮಖಾನೆ ಹಾಸಿತ್ತು. ಕಾಲಿಟ್ಟ ಕಡೆ ಅಡಿಯಲ್ಲಿ ಏನೋ ಉಬ್ಬಿದಂತಾಯಿತು. ಅಂಚು ಎತ್ತಿ ನೋಡಿದೆ. ಹಲಗೆಗಳ ಕೀಲುಗಳೆಲ್ಲ ತುಟಿ ಊದಿಕೊಂಡಂತೆ ಎದ್ದಿದ್ದವು. ಬಾಗಿಲು ನೆಲಕ್ಕೆ ತಾಗಿ ಉಜ್ಜುತ್ತದೆಂದು ಬಡಗಿಯನ್ನು ಕರೆಸಿ ಅದರ ಕೆಳ ಅಂಚನ್ನೂ ಕೆತ್ತಿಸಿದ್ದಳು.

"ನನಗ್ಯಾಕ ಹೇಳ್ಲಿಲ್ಲಕ್ಕಾ?" ಎಂದೆ.

"ಹೇಳಿದ್ರ ನಿನಗ ಬ್ಯಾಸರ ಆಗ್ತಿತ್ತು. ಉಣ್ಣು ಮೊದ್ಲು," ಎಂದಳು.

ಲ್ಯಾಮಿನೇಟ್ ಅಂದರೆ ಮೇಲೆ ಮರದ ಚಿತ್ರ, ಒಳಗೆ ಒತ್ತಿ ಗಟ್ಟಿ ಮಾಡಿದ ಮರದ ನಾರು. ಗಾರೆ ಮೇಲ್ಗಡೆ ಬೆಳ್ಳಗೆ ಒಣಗಿ ಕಂಡರೂ ಒಳಗೆ ನೀರು ಹಿಡಿದುಕೊಂಡೇ ಇರುತ್ತದೆ. ಅದು ನಿಧಾನವಾಗಿ ಮೇಲೇರಿ ಆ ನಾರನ್ನು ಉಬ್ಬಿಸುತ್ತದೆ. ಎರಡಿಂಚಿನ ಗಾರೆಗೆ ಒಣಗಲು ಸುಮಾರು ಎರಡು ತಿಂಗಳಾದರೂ ಬೇಕೆಂದು ಆಮೇಲೆ ಕಲಿತೆ. ಅಕ್ಕನ ಹಾಲಿನ ಹಲಗೆಗಳನ್ನು ಕಿತ್ತು, ಗಾರೆ ಒಣಗಿದ ಮೇಲೆ ಹೊಸದು ಹಾಸಿಕೊಟ್ಟೆ. ಅಂದಿನಿಂದ ತೇವ ನೋಡದೆ ಒಂದು ಹಲಗೆಯನ್ನೂ ಇಳಿಸಿಲ್ಲ.

ಕಳೆದ ವರ್ಷ ಸಿರುಗುಪ್ಪದಿಂದ ಒಂದು ಕೆಲಸ ಬಂತು. ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಮೇಡಂ, ವಯಸ್ಸು ಐವತ್ತರ ಹತ್ತಿರ, ಒಬ್ಬರೇ ನಿಂತು ಮನೆ ಕಟ್ಟಿಸುತ್ತಿದ್ದರು. ಅವರ ತಂದೆ ತಾಯಿ ಜೀವನವಿಡೀ ಬೇರೆಯವರ ಹೊಲಗಳಲ್ಲಿ ದುಡಿದವರು. ಆ ಮನೆತನದಲ್ಲಿ ಸ್ವಂತ ಮನೆ ಕಂಡವರು ಇವರೇ ಮೊದಲಂತೆ. ಕೆಳ ಅಂತಸ್ತಿನ ಒಂದು ಕೋಣೆಯನ್ನು ಪುಸ್ತಕಗಳಿಗೆಂದೇ ಇಟ್ಟು, ಅದಕ್ಕೆ ಮಾತ್ರ ಮರದ ಬಣ್ಣದ ನೆಲ ಬೇಕೆಂದಿದ್ದರು. ಗೃಹಪ್ರವೇಶಕ್ಕೆ ಹನ್ನೆರಡು ದಿನ ಉಳಿದಿತ್ತು.

ಗಾರೆಗೆ ಮೂರು ತಿಂಗಳಾಗಿತ್ತು. ನೋಡಲು ಚಂದವಾಗಿತ್ತು, ಮಟ್ಟಗೋಲು ಇಟ್ಟರೆ ಎಲ್ಲೂ ಅಲುಗುತ್ತಿರಲಿಲ್ಲ. ಅದನ್ನು ಹಾಕಿದ ಮೇಸ್ತ್ರಿ ತೆಕ್ಕಲಕೋಟೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ತೇವ ತೋರಿಸುವ ಮೀಟರನ್ನು ನೆಲಕ್ಕೊತ್ತಿ ಅಡಿ ಅಡಿಗೂ ನೋಡುತ್ತ ಹೋದೆ. ಈ ಮೀಟರ್ ಪಕ್ಕಾ ಲೆಕ್ಕ ಕೊಡುವುದಿಲ್ಲ, ಯಾವ ಜಾಗ ಹೆಚ್ಚು ಹಸಿ ಎಂದಷ್ಟೇ ತೋರಿಸುತ್ತದೆ. ಕೋಣೆಯ ಮುಕ್ಕಾಲು ಭಾಗ ಒಂದೇ ತೆರನಾಗಿತ್ತು. ಸ್ನಾನದ ಕೋಣೆಗೆ ಹೊಂದಿಕೊಂಡ ಗೋಡೆಯ ಹತ್ತಿರ ಬಂದಾಗ ಅಂಕಿ ಜಿಗಿಯಿತು.

"ಇಲ್ಲಿ ಹಸಿ ಐತ್ರಿ," ಎಂದೆ.

"ಏನ್ ಹಸಿ?" ಮೇಸ್ತ್ರಿ ಒಳಗೆ ಬಂದು ಅಂಗೈ ಒತ್ತಿ ನೋಡಿದರು. "ಮುಟ್ಟಿ ನೋಡಪಾ, ಬೂದಿ ಇದ್ದಂಗ ಐತಿ. ಮೂವತ್ತು ವರ್ಷದಿಂದ ಗಾರಿ ಹಾಕ್ತೀನಿ ನಾ. ಆಟದ ಸಾಮಾನು ತಂದು ನನಗ ಪಾಠ ಹೇಳ್ತಿಯೇನು?"

ಎರಡು ಕಡೆ, ಒಂದು ಕಿಟಕಿಯ ಬಳಿ, ಇನ್ನೊಂದು ಆ ಗೋಡೆಯ ಬಳಿ, ನೆಲದ ಮೇಲೆ ತೇವಾಂಶ ಅಳೆಯುವ ಯಂತ್ರವಿಟ್ಟು ಡಬ್ಬಿ ಬೋರಲು ಹಾಕಿ ಸುತ್ತ ಗಾಳಿ ಆಡದಂತೆ ಮೆತ್ತಿದೆ. ಮೂರು ದಿನ ಯಾರೂ ಮುಟ್ಟಬಾರದು, ಡಬ್ಬಿಯೊಳಗಿನ ಗಾಳಿಯ ತೇವ ಶೇಕಡಾ ಎಪ್ಪತ್ತೈದರ ಮೇಲೆ ಬಂದರೆ ಹಾಸುವಂತಿಲ್ಲ ಎಂದು ಮೇಡಂಗೆ ಹೇಳಿ ಬಳ್ಳಾರಿಗೆ ಬಸ್ಸು ಹತ್ತಿದೆ.

ನಾಲ್ಕನೆಯ ದಿನ ನಾನು, ಮೇಡಂ, ಮೇಸ್ತ್ರಿ ಮೂವರೂ ಸೇರಿ ಡಬ್ಬಿ ತೆಗೆದೆವು. ಕಿಟಕಿಯ ಬಳಿ ಎಪ್ಪತ್ತು. ಗೋಡೆಯ ಬಳಿ ತೊಂಬತ್ತೆರಡು. ಡಬ್ಬಿಯ ಒಳಮೈಯಲ್ಲಿ ಬೆವರಿನಂತೆ ಹನಿ ಕೂತಿತ್ತು.

ಮೇಡಂ ಆ ಹನಿಗಳನ್ನೇ ನೋಡುತ್ತ, "ಹಲಗಿ ಕೆಳಗ ಹೆಂಗೂ ಪ್ಲಾಸ್ಟಿಕ್ ಹಾಳಿ ಹಾಕ್ತೀರಲ್ಲಣ್ಣ, ನಡೀದಿಲ್ಲೇನು? ಎಲ್ಲಾರ್ನೂ ಕರ್ದೀನಿ," ಎಂದರು.

ನನಗೂ ಒಂದು ಗಳಿಗೆ ಆಸೆಯಾಯಿತು. ಹಾಸಿದರೆ ಅವತ್ತಿನ ಮಟ್ಟಿಗೆ ಎಲ್ಲರಿಗೂ ಸಂತೋಷ. ಆದರೆ ಜಮಖಾನೆ ಎತ್ತಿ ನೋಡಿದ ದಿನ ಕಣ್ಣ ಮುಂದೆ ಬಂತು.

"ಅದು ಉಳಿದ ಒಂದಿಷ್ಟು ಆವಿ ತಡೀತೈತ್ರಿ ಮೇಡಂ. ಇದು ಹಳೀ ತೇವ ಅಲ್ಲ, ಎಲ್ಲಿಂದಲೋ ದಿನಾ ಬರಾಕತ್ತೈತಿ. ಪ್ಲಾಸ್ಟಿಕ್ಕಿನ ಕೆಳಗ ಹರ್ದು ಗೋಡಿ ಅಂಚಿನಾಗ ಮ್ಯಾಲೆ ಬರ್ತೈತಿ. ಒಂದ ಕಡೆ ಹಸಿ ಇದ್ರ ನೀರಿನ ಜಾಗ ಹುಡುಕ್ಬೇಕು."

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಆ ಸ್ನಾನದ ಕೋಣೆಯೂ ಅವರದೇ ಕೆಲಸ, ಮನೆ ಕಟ್ಟುವ ಕೆಲಸದವರೆಲ್ಲ ದಿನಾ ಅಲ್ಲೇ ಕೈಕಾಲು ತೊಳೆಯುತ್ತಿದ್ದರು. ಎದ್ದು ಹೋದರು. ಸಿಟ್ಟಿನಿಂದ ಹೊರಟರೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಸ್ನಾನದ ಕೋಣೆಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೇಸ್ತ್ರಿ ನೀರು ಹೋಗುವ ತೂತಿನೊಳಗೆ ಪೈಪಿನ ತನಕ ಬಟ್ಟೆ ಗಟ್ಟಿಯಾಗಿ ತುರುಕಿ, ಹೊಸ್ತಿಲಿಗೆ ಮಣ್ಣು ಮೆತ್ತಿ, ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿದ್ದರು. ಕಿವಿಯಿಂದ ಪೆನ್ಸಿಲ್ ತೆಗೆದು ಟೈಲ್ಸಿನ ಮೇಲೆ ನೀರಿನ ಮಟ್ಟಕ್ಕೆ ಗೀಟು ಎಳೆದರು.

"ಪಕ್ಕದಾಗ ಒಂದು ಬಕೀಟಿನ್ಯಾಗೂ ನೀರಿಡು," ಎಂದರು ನನಗೆ. "ನಾಳೆ ಆವಿ ಆಗಿ ಹೋತು ಅಂತ ನಾನ ಹೇಳಬಾರ್ದು."

ಮರುದಿನ ಮಧ್ಯಾಹ್ನ ಬಕೀಟಿನಲ್ಲಿ ನೀರು ಕೂದಲೆಳೆಯಷ್ಟು ಇಳಿದಿತ್ತು. ನೆಲದ ಮೇಲಿನ ನೀರು ಗೀಟಿನಿಂದ ಒಂದು ಬೆರಳು ಕೆಳಗಿತ್ತು. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಗೀಟಿನ ಕೆಳಗೆ ಬೆರಳಿಟ್ಟು ಅಳೆದರು. ಆಮೇಲೆ ಮೇಡಂ ಇದ್ದಲ್ಲಿಗೆ ಹೋಗಿ, "ತಪ್ಪು ನನ್ದ ಐತ್ರಿ ತಾಯಿ. ನೀರು ಹೋಗೋ ಜಾಲಿ ಸುತ್ತ ಸಂದು ನಾನ ತುಂಬ್ಬೇಕಿತ್ತು, ಕೆಲಸದವರಿಗೆ ಬಿಟ್ಟೆ, ನಿಂತು ನೋಡ್ಲಿಲ್ಲ. ನಾನ ಒಡ್ದು ನಾನ ಕಟ್ಟಿ ಕೊಡ್ತೀನಿ," ಎಂದರು.

ಮೇಡಂ ಬಯ್ಯುತ್ತಾರೆಂದುಕೊಂಡೆ. ಅವರು ಕೇಳಿದ್ದು ಇಷ್ಟೇ: "ನೆಲ ಹಾಸಿದ ಮ್ಯಾಲೆ ಗೊತ್ತಾಗಿದ್ರ?"

"ಎಲ್ಲಾ ಕೀಳ್ಬೇಕಿತ್ರಿ," ಎಂದೆ.

"ಹಂಗಾದ್ರ ಈಗ ಗೊತ್ತಾಗಿದ್ದ ಛಲೋ ಆತು ಬಿಡ್ರಿ."

ಗೃಹಪ್ರವೇಶ ಹೇಳಿದ ದಿನವೇ ಆಯಿತು. ಆ ಕೋಣೆಯ ಬರಿ ಗಾರೆಯ ಮೇಲೇ ಸಾಲಾಗಿ ಎಲೆ ಹಾಕಿ ಬಂದವರಿಗೆ ಬಡಿಸಿದರು. ನಾನು ಮೇಸ್ತ್ರಿಯ ಪಕ್ಕದ ಎಲೆಗೆ ಕೂತಿದ್ದೆ. ಅವರು ಬಡಿಸುವವರಿಗೆ ನನ್ನ ಎಲೆ ತೋರಿಸಿ "ಇಲ್ಲಿಗೆ ಇನ್ನೊಂದು ಹೋಳಿಗಿ ಹಾಕ್ರಿ" ಎಂದರು.

ಮೇಸ್ತ್ರಿ ಸ್ನಾನದ ಕೋಣೆಯ ನೆಲ ಸರಿಪಡಿಸಿದ ಮೇಲೆ ಗೋಡೆಯ ಬುಡ ಆರಲು ಎರಡೂವರೆ ತಿಂಗಳು ಹಿಡಿಯಿತು. ಮತ್ತೆ ಡಬ್ಬಿ ಇಟ್ಟಾಗ ಎಪ್ಪತ್ತೊಂದು ಬಂತು. ಹಲಗೆಯ ಪೆಟ್ಟಿಗೆಗಳನ್ನು ಎರಡು ದಿನ ಆ ಕೋಣೆಯಲ್ಲೇ ಮಲಗಿಸಿ ಅಲ್ಲಿನ ಹವೆಗೆ ಹೊಂದಿಸಿದೆ. ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಗೇಣುದ್ದ ಬರುವಂತೆ ಹಾಸಿ ಟೇಪು ಹಚ್ಚಿದೆ, ಮೇಲೆ ತೆಳು ಫೋಮ್. ಬೇಸಿಗೆ ಮಳೆಗಾಲಗಳಲ್ಲಿ ಹಲಗೆ ಹಿಗ್ಗಿ ಕುಗ್ಗುತ್ತದೆಂದು ಸುತ್ತ ಗೋಡೆಯಿಂದ ಹತ್ತು ಮಿಲಿಮೀಟರ್ ಸಂದು ಬಿಟ್ಟು ಹಲಗೆ ಜೋಡಿಸಿದೆ. ಸಂದು ಮುಚ್ಚುವ ಪಟ್ಟಿಯನ್ನು ನೆಲಕ್ಕಲ್ಲ, ಗೋಡೆಗೆ ಹೊಡೆದೆ.

ಕೊನೆಯ ಸಾಲು ಕೂರಿಸುವಾಗ ಮೇಸ್ತ್ರಿ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಾಲ್ಕು ಹೆಜ್ಜೆ ನಡೆದು ನೋಡಿದರು.

"ಕುರುಗೋಡಿನಾಗ ಒಂದು ಮನಿ ಕೆಲಸ ಹಿಡಿದೀನಿ," ಎಂದರು. "ಗಾರಿ ಹಾಕಿ ತಿಂಗಳಾತು. ಅವರೂ ಇಂಥದ್ದ ಹಾಸಾಕ ಅವಸರ ಮಾಡಾಕತ್ತಾರ. ನಾ ಹೇಳಿದ್ರ ಕೇಳಂಗಿಲ್ಲ. ನಿನ್ನ ಡಬ್ಬಿ ತಗೊಂಡು ನಾಳೆ ಬರ್ತಿಯೇನು?"

ಬರುತ್ತೇನೆ ಎಂದೆ.