ಅಕ್ಕನ ಕೈಯಳತೆ

ನಮ್ಮಕ್ಕ ಚೌಕಾಸಿಗೆ ನಿಂತರೆ ಟೊಮೇಟೊ ಕಾಯಿ ಬುಟ್ಟಿಯಲ್ಲೇ ಹಣ್ಣಾಗುತ್ತಿತ್ತು. ಅಂಥವಳು ಮಗನ ಎಂಜಿನಿಯರಿಂಗ್ ಫೀಸಿಗೆಂದು ತನ್ನ ಎರಡೂ ಚಿನ್ನದ ಬಳೆಗಳನ್ನು ಚೌಕಾಸಿಯಿಲ್ಲದೆ ಮಾರಿದಳು. ಹೊಲಿಗೆ ಯಂತ್ರ ತುಳಿದು ಮತ್ತೆ ಬಳೆಗೆಂದು ಹಣ ಕೂಡಿಸುವಷ್ಟರಲ್ಲಿ ಚಿನ್ನ ಏಣಿ ಹಾಕಿಕೊಂಡು ಆಕಾಶ ಹತ್ತಿತ್ತು, ಅವಳ ಹೃದಯವೂ ಸೋತಿತ್ತು. ಕಾಯಿಲೆ ಮುಚ್ಚಿಟ್ಟು, ಈಗ ಚಿನ್ನ ಕೊಳ್ಳಬಹುದಾ ಎಂದಷ್ಟೇ ಭಾವನ ಕೈಲಿ ಮಗನಿಗೆ ಬರೆಸಿದಳು.

ಹೊರದೇಶದಿಂದ ಅವನ ಕಾಗದ ಬಂತು. “ಅಪ್ಪ, ಅಮ್ಮ, ಇಷ್ಟು ಏರಿದ ಮೇಲೆ ಇನ್ನೂ ಏರುತ್ತೋ ಇಳಿಯುತ್ತೋ ಯಾರಿಗೂ ಗೊತ್ತಿಲ್ಲ. ಇರೋದನ್ನೆಲ್ಲ ಒಂದೇ ಸಲ ಹಾಕಬೇಡಿ. ಒಡವೆಯಂತೂ ಬೇಡ, ಮಾರುವಾಗ ಮಜೂರಿ ವಾಪಸ್ ಬರಲ್ಲ. ಸ್ವಲ್ಪ ಕಾಯಿರಿ.”

“ಮಾರೋಕಲ್ಲ, ನೀನು ಹಾಕ್ಕೊಳ್ಳೋಕೆ ಅಂತ ಬರೀಲೇನೇ?” ಎಂದರು ಭಾವ.

“ಬೇಡ ರೀ. ಓದಿದೋನು ಹೇಳ್ತಿದಾನೆ. ಬೆಲೆ ಇಳಿಯೋವರೆಗೂ ಕಾಯೋದು ನಂಗೇನು ಹೊಸದಾ?”

ಅಕ್ಕ ತೀರಿಕೊಂಡ ಮರುವಾರವೇ ಬೆಲೆ ಇಳಿಯಿತು. ಮಗನ ಸಲಹೆಯನ್ನು ಅಕ್ಕನ ಬಾಯಿಂದಲೇ ಕೇಳಿದ್ದ, ಆದರೆ ಸಾವಿನ ಸುದ್ದಿ ತಿಳಿಯದ ಅಕ್ಕಸಾಲಿಗ, ಅಂಗಡಿ ಮುಂದೆ ಹೋಗುತ್ತಿದ್ದ ಭಾವನನ್ನು ಕರೆದ. “ನಿಮ್ಮ ಮಗ ಹೇಳಿದ್ದೇ ಸರಿ ಯಜಮಾನ್ರೇ. ಅಕ್ಕೋರ ಕೈಯಳತೆ ಕೊಡಿ.”

ಭಾವ ಬೆರಳುಗಳನ್ನು ಬಳೆಯಷ್ಟು ಗುಂಡಗೆ ಹಿಡಿದು ತೋರಿಸಿದರು.

“ಇಷ್ಟಿತ್ತಪ್ಪ” ಎಂದರು.